ಅಕ್ಟೋಬರ್ ಕಮಿಷನ್ ಡಿಸೆಂಬರ್‌ನಲ್ಲಿ ಯಾಕೆ ಕಟ್ ಆಗುತ್ತದೆ? ಸ್ಲ್ಯಾಬ್, ಟೀಮ್ ಟಾರ್ಗೆಟ್, ರಿಟರ್ನ್ ರಿಕವರಿಯ ಲೆಕ್ಕ

ಡಿಸೆಂಬರ್ ಬಂದರೆ ಸೇಲ್ಸ್‌ನಲ್ಲಿರುವ ಹುಡುಗರಿಂದ ನನಗೆ ಒಂದೇ ಥರದ ಮೆಸೇಜ್ ಬರುತ್ತದೆ. ಜೊತೆಗೆ ಸ್ಯಾಲರಿ ಸ್ಲಿಪ್ಪಿನ ಫೋಟೊ. ಅದರಲ್ಲಿ "ಇನ್ಸೆಂಟಿವ್ ರಿಕವರಿ" ಅಂತ ಒಂದು ಸಾಲು, ಅದರ ಮುಂದೆ ಮೈನಸ್. "ಅಣ್ಣಾ, ವಾಪಸ್ ಬಂದಿದ್ದು ಎಂಬತ್ತು ಸಾವಿರದ ಮಾಲು. ನನಗೆ ಸಿಕ್ಕಿದ್ದೇ ಎರಡು ಪರ್ಸೆಂಟಿಗಿಂತ ಕಡಿಮೆ. ಹಂಗಿದ್ರೆ ಸಾವಿರದ ಐನೂರು ಹೋಗಬೇಕು. ನಾಲ್ಕು ಸಾವಿರದ ಮುನ್ನೂರು ಹೆಂಗೆ ಕಟ್ಟಾಯ್ತು?"

ನಾನು ಕೆಲವು ವರ್ಷ ಒಬ್ಬ ಡಿಸ್ಟ್ರಿಬ್ಯೂಟರ್ ಆಫೀಸಿನಲ್ಲಿ ಇದೇ ಇನ್ಸೆಂಟಿವ್ ಶೀಟ್ ಮಾಡುತ್ತಿದ್ದೆ. ಮಿಕ್ಸಿ, ಗ್ರೈಂಡರ್, ಸ್ಟವ್ ಮಾರುವ ವ್ಯವಹಾರ. ಆ ಹುಡುಗನ ಪ್ರಶ್ನೆ ಸರಿಯಾದದ್ದೇ, ಆದರೆ ಅವನ ಲೆಕ್ಕದಲ್ಲಿ ಒಂದು ಕಡೆ ತಪ್ಪಿದೆ. ಕಂಪನಿಯ ಲೆಕ್ಕದಲ್ಲೂ ಒಂದು ಕಡೆ ತಪ್ಪಿತ್ತು. ಎರಡನ್ನೂ ಹುಡುಕಬೇಕಾದರೆ ಲೆಕ್ಕವನ್ನು ಮೊದಲಿಂದ ಕಟ್ಟಿಕೊಂಡು ಬರಬೇಕು. ಕೆಳಗಿನ ಅಂಕಿಗಳು ಅರ್ಥವಾಗಲಿ ಅಂತ ಸರಳ ಮಾಡಿಕೊಂಡವು. ನಿಮ್ಮ ಕಂಪನಿಯ ಪರ್ಸೆಂಟೇಜ್ ಬೇರೆ ಇರುತ್ತದೆ, ದಾರಿ ಇದೇ.

## ಕಮಿಷನ್ ಯಾವ ಮೊತ್ತದ ಮೇಲೆ?

ನಮ್ಮ ಹುಡುಗ ದಾವಣಗೆರೆಯಲ್ಲಿದ್ದಾನೆ ಅಂದುಕೊಳ್ಳಿ. ಹರಿಹರ, ರಾಣೆಬೆನ್ನೂರು ಅವನ ಬೀಟ್. ಅಂಗಡಿಗಳಿಂದ ಆರ್ಡರ್ ತರುತ್ತಾನೆ, ಗೋಡೌನಿನಿಂದ ಮಾಲು ಹೋಗುತ್ತದೆ, ಬಿಲ್ಲಾಗುತ್ತದೆ. ಅಕ್ಟೋಬರ್‌ನಲ್ಲಿ ಹಬ್ಬದ ಸೀಸನ್ ಚೆನ್ನಾಗಿ ಹೋಯಿತು. ಅವನ ಹೆಸರಿನ ಬಿಲ್ಲುಗಳನ್ನೆಲ್ಲ ಕೂಡಿದರೆ 7,08,000 ರೂಪಾಯಿ.

ಕಮಿಷನ್ ಈ 7,08,000ದ ಮೇಲೆ ಬರುವುದಿಲ್ಲ. ಮಿಕ್ಸಿ ಬಿಲ್ಲಿನಲ್ಲಿ 18% ಜಿಎಸ್‌ಟಿ ಸೇರಿರುತ್ತದೆ. ಅದು ಕಂಪನಿಯ ದುಡ್ಡಲ್ಲ, ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವುದು. ಹಾಗಾಗಿ 7,08,000ವನ್ನು 1.18ರಿಂದ ಭಾಗಿಸಬೇಕು. ಬರುವುದು 6,00,000. ಆಫೀಸಿನವರು ಇದನ್ನೇ ನೆಟ್ ಸೇಲ್ ಅನ್ನುತ್ತಾರೆ.

ತುಂಬಾ ಜನ ಇಲ್ಲಿಯೇ ಎಡವುತ್ತಾರೆ. ತಮ್ಮ ಡೈರಿಯಲ್ಲಿ ಬಿಲ್ ಮೊತ್ತ ಬರೆದುಕೊಂಡಿರುತ್ತಾರೆ, ಶೀಟಿನಲ್ಲಿ ನೆಟ್ ಇರುತ್ತದೆ, ಒಂದು ಲಕ್ಷಕ್ಕಿಂತ ಜಾಸ್ತಿ ಸೇಲ್ ಮಾಯವಾದಂತೆ ಕಾಣುತ್ತದೆ. ಜಗಳ ಶುರು ಮಾಡುವ ಮೊದಲು ಇದೊಂದನ್ನು ಭಾಗಿಸಿ ನೋಡಿ.

ಇನ್ನೊಂದು ಪ್ರಶ್ನೆ: ಸೇಲ್ ಅಂದರೆ ಯಾವಾಗ ಸೇಲ್? ಆರ್ಡರ್ ಬರೆದುಕೊಂಡಾಗಲೋ, ಬಿಲ್ಲಾದಾಗಲೋ, ಅಂಗಡಿಯವರು ದುಡ್ಡು ಕೊಟ್ಟಾಗಲೋ? ಮೂರೂ ಚಾಲ್ತಿಯಲ್ಲಿವೆ. ದುಡ್ಡು ಬಂದ ಮೇಲೆ ಕಮಿಷನ್ ಕೊಡುವ ಕಡೆ ರಿಕವರಿಯ ಗಲಾಟೆ ಕಡಿಮೆ, ಯಾಕಂದರೆ ಮಾಲು ವಾಪಸ್ ಬರುವುದಿದ್ದರೆ ಹೆಚ್ಚಾಗಿ ಅಷ್ಟರೊಳಗೇ ಬಂದಿರುತ್ತದೆ. ಆದರೆ ಸೇಲ್ಸ್ ಹುಡುಗ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಉದಾಹರಣೆಯಲ್ಲಿ ಬಿಲ್ಲಾದಾಗಲೇ ಸೇಲ್.

## ಸ್ಲ್ಯಾಬ್: ದಾಟಿದ ಭಾಗಕ್ಕೋ, ಪೂರ್ತಿ ಮೊತ್ತಕ್ಕೋ

ಕಂಪನಿಯ ಸ್ಲ್ಯಾಬ್ ಹೀಗಿದೆ. ತಿಂಗಳಿಗೆ ಮೊದಲ 3 ಲಕ್ಷಕ್ಕೆ 1%. 3ರಿಂದ 5 ಲಕ್ಷದವರೆಗೆ 2%. 5 ಲಕ್ಷ ದಾಟಿದ್ದಕ್ಕೆ 4%.

ಇದನ್ನು ಎರಡು ರೀತಿ ಓದಬಹುದು. ಎರಡಕ್ಕೂ ನಮಗೆ ಗೊತ್ತಿರುವ ಉದಾಹರಣೆಗಳಿವೆ.

ಮೊದಲನೆಯದು ಇನ್‌ಕಮ್ ಟ್ಯಾಕ್ಸ್ ಥರ. ಹೊಸ ಪದ್ಧತಿಯಲ್ಲಿ 2025-26ಕ್ಕೆ 4ರಿಂದ 8 ಲಕ್ಷದ ಭಾಗಕ್ಕೆ 5%, 8ರಿಂದ 12 ಲಕ್ಷದ ಭಾಗಕ್ಕೆ 10%. ನಿಮ್ಮ ಆದಾಯ 8 ಲಕ್ಷ ದಾಟಿತು ಅಂತ ಎಲ್ಲದಕ್ಕೂ 10% ಹಾಕುವುದಿಲ್ಲ, ದಾಟಿದ ಭಾಗಕ್ಕೆ ಮಾತ್ರ.

ಎರಡನೆಯದು 2023ರಲ್ಲಿ ನಮ್ಮ ರಾಜ್ಯದ ಮನೆ ಕರೆಂಟ್ ಬಿಲ್ಲಿನ ಥರ. ಆಗ ಎಷ್ಟು ಗಲಾಟೆಯಾಯಿತು ಅಂತ ನೆನಪಿದೆ ಅಲ್ವಾ? 100 ಯೂನಿಟ್ ಒಳಗಿದ್ದರೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ. 100 ದಾಟಿತೋ, ಅಷ್ಟೂ ಯೂನಿಟ್ಟಿಗೆ 7 ರೂಪಾಯಿ. ಬೇರೆ ಚಾರ್ಜು ಬಿಟ್ಟರೆ 100 ಯೂನಿಟ್ಟಿಗೆ 475 ರೂಪಾಯಿ, 101 ಯೂನಿಟ್ಟಿಗೆ 707. ಒಂದೇ ಒಂದು ಯೂನಿಟ್ಟಿಗೆ 232 ರೂಪಾಯಿ.

ಕಮಿಷನ್‌ನಲ್ಲೂ ಇದೇ ಎರಡು ದಾರಿ. ಇನ್‌ಕಮ್ ಟ್ಯಾಕ್ಸ್ ದಾರಿಯಲ್ಲಿ ನಮ್ಮ ಹುಡುಗನ 6 ಲಕ್ಷವನ್ನು ಮೂರು ತುಂಡು ಮಾಡಬೇಕು. ಮೊದಲ 3 ಲಕ್ಷಕ್ಕೆ 3,000. ಮುಂದಿನ 2 ಲಕ್ಷಕ್ಕೆ 4,000. ಉಳಿದ 1 ಲಕ್ಷಕ್ಕೆ 4,000. ಒಟ್ಟು 11,000.

ಕರೆಂಟ್ ಬಿಲ್ ದಾರಿಯಲ್ಲಿ 6 ಲಕ್ಷಕ್ಕೂ 4%, ಅಂದರೆ 24,000. ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ದೊಡ್ಡ ಹಳ್ಳ ಇದೆ. 5,01,000 ಸೇಲ್ ಮಾಡಿದವನಿಗೆ 20,040 ಬರುತ್ತದೆ. ಆಮೇಲೆ ಬರೀ 12,500 ರೂಪಾಯಿ ಮಾಲು ವಾಪಸ್ ಬಂದರೆ ಅವನ ಸೇಲ್ 4,88,500ಕ್ಕೆ ಇಳಿಯುತ್ತದೆ, ಪೂರ್ತಿಗೆ 2% ಆಗುತ್ತದೆ, ಕಮಿಷನ್ 9,770. ಹನ್ನೆರಡೂವರೆ ಸಾವಿರದ ಮಾಲು ವಾಪಸ್ ಬಂದಿದ್ದಕ್ಕೆ 10,270 ರೂಪಾಯಿ ರಿಕವರಿ! ಲೆಕ್ಕ ತಪ್ಪಲ್ಲ, ಸ್ಲ್ಯಾಬನ್ನು ಹಾಗೆ ಬರೆದದ್ದರ ಫಲ. ನಿಮ್ಮ ಪಾಲಿಸಿಯಲ್ಲಿ "ದಾಟಿದ ಮೊತ್ತಕ್ಕೆ" ಅಂತ ಇದೆಯೋ, "ಒಟ್ಟು ಮೊತ್ತಕ್ಕೆ" ಅಂತ ಇದೆಯೋ ನೋಡಿ. ಎರಡೂ ಇಲ್ಲದೆ ಸುಮ್ನೆ ಒಂದು ಟೇಬಲ್ ಮಾತ್ರ ಇದ್ದರೆ ಕೇಳಿ ಬರೆಸಿಕೊಳ್ಳಿ.

ಇನ್ನು ಮುಂದೆ ನಾವು ದಾಟಿದ ಭಾಗಕ್ಕೆ ಮಾತ್ರ ಅನ್ನುವ ದಾರಿಯಲ್ಲೇ ಹೋಗೋಣ. ಎಕ್ಸೆಲ್‌ನಲ್ಲಿ ನೆಟ್ ಸೇಲ್ `A2` ಕೋಣೆಯಲ್ಲಿದ್ದರೆ ಸೂತ್ರ ಇಷ್ಟೇ:

```
=MIN(A2,300000)*1%+MAX(0,MIN(A2,500000)-300000)*2%+MAX(0,A2-500000)*4%
```

6,00,000 ಹಾಕಿದರೆ 11,000 ಬರಬೇಕು. ನಿಮ್ಮ ಸ್ಲ್ಯಾಬಿಗೆ ತಕ್ಕಂತೆ ಅಂಕಿ ಬದಲಿಸಿಕೊಳ್ಳಿ.

## ಟೀಮ್ ಟಾರ್ಗೆಟ್ ಎಲ್ಲಿ ಸೇರಿಕೊಳ್ಳುತ್ತದೆ

ನಾಲ್ಕು ಜನರ ಟೀಮ್. ತಿಂಗಳ ಟಾರ್ಗೆಟ್ 20 ಲಕ್ಷ. ನಿಯಮ ಹೀಗೆ: ಟೀಮ್ 100% ಮುಟ್ಟಿದರೆ ಪ್ರತಿಯೊಬ್ಬರ ಕಮಿಷನ್ನಿನ ಮೇಲೆ 10% ಜಾಸ್ತಿ. 90ರಿಂದ 100% ಒಳಗೆ ಇದ್ದರೆ ಇದ್ದಷ್ಟು. 90%ಗಿಂತ ಕೆಳಗೆ ಹೋದರೆ ಎಲ್ಲರಿಗೂ 20% ಕಡಿಮೆ.

ಗಮನಿಸಿ, ಈ 10% ಸೇಲ್ ಮೇಲೆ ಅಲ್ಲ, ಕಮಿಷನ್ ಮೇಲೆ. ಮೊದಲು ನಿಮ್ಮ ಸ್ಲ್ಯಾಬ್ ಲೆಕ್ಕ ಮುಗಿಯಬೇಕು, ಆಮೇಲೆ ಬಂದ ಮೊತ್ತವನ್ನು 1.1ರಿಂದ ಗುಣಿಸಬೇಕು.

ಅಕ್ಟೋಬರ್‌ನಲ್ಲಿ ನಮ್ಮ ಹುಡುಗನದು 6 ಲಕ್ಷ, ಉಳಿದ ಮೂವರದು 5,40,000, 4,80,000 ಮತ್ತು 4,20,000. ಒಟ್ಟು 20,40,000, ಅಂದರೆ 102%. ಟಾರ್ಗೆಟ್ ಮುಟ್ಟಿತು. ಹುಡುಗನ 11,000 ಈಗ 12,100 ಆಯಿತು. ನವೆಂಬರ್ 10ಕ್ಕೆ ದುಡ್ಡು ಖಾತೆಗೆ ಬಂತು. ಎಲ್ಲರಿಗೂ ಖುಷಿ.

102% ಅನ್ನುವುದು ನೋಡಲು ಆರಾಮಾಗಿ ಕಾಣುತ್ತದೆ. ಆದರೆ ಟಾರ್ಗೆಟ್‌ಗಿಂತ ಮೇಲೆ ಇರುವುದು ಬರೀ 40,000 ರೂಪಾಯಿ. ನಾಲ್ಕೂ ಜನರ ಬೋನಸ್ ಆ 40,000ದ ಮೇಲೆ ನಿಂತಿದೆ.

## ಮಾಲು ವಾಪಸ್ ಬಂತು

ನವೆಂಬರ್ 18ಕ್ಕೆ ರಾಣೆಬೆನ್ನೂರಿನ ಒಂದು ಅಂಗಡಿಯಿಂದ 32 ಮಿಕ್ಸಿ ವಾಪಸ್ ಬಂದವು. ಒಂದಕ್ಕೆ ಜಿಎಸ್‌ಟಿ ಬಿಟ್ಟು 2,500 ರೂಪಾಯಿ. ಒಟ್ಟು ನೆಟ್ 80,000. ಆಫೀಸಿನಲ್ಲಿ ಅಂಗಡಿಯ ಹೆಸರಿಗೆ ಕ್ರೆಡಿಟ್ ನೋಟ್ ಆಯಿತು. ಕ್ರೆಡಿಟ್ ನೋಟ್ ಅಂದರೆ ಉಲ್ಟಾ ಬಿಲ್: ನೀವು ಕೊಡಬೇಕಾದದ್ದರಲ್ಲಿ ಇಷ್ಟು ಕಡಿಮೆ ಅಂತ ಮಾರಿದವರು ಕೊಳ್ಳುವವರಿಗೆ ಕೊಡುವ ಕಾಗದ.

ಮಾಲು ನಿಲ್ಲಲಿಲ್ಲ, ಹಾಗಾಗಿ ಅದರ ಕಮಿಷನ್ ಕೂಡ ನಿಲ್ಲುವುದಿಲ್ಲ. ಕೊಟ್ಟಿದ್ದನ್ನು ವಾಪಸ್ ತೆಗೆದುಕೊಳ್ಳುವ ಈ ಕೆಲಸಕ್ಕೆ ಕಂಪನಿ ಕಾಗದದಲ್ಲಿ ಕ್ಲಾಬ್ಯಾಕ್ ಅನ್ನುತ್ತಾರೆ, ಸ್ಲಿಪ್ಪಿನಲ್ಲಿ ರಿಕವರಿ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಎಷ್ಟು ಅನ್ನುವುದರಲ್ಲಿ. ಇದೇ 80,000ಕ್ಕೆ ಬೇರೆ ಬೇರೆ ಉತ್ತರ ಬರುತ್ತವೆ.

ಹುಡುಗ ಮಾಡಿದ್ದು ಸರಾಸರಿ ಲೆಕ್ಕ. 6 ಲಕ್ಷಕ್ಕೆ 11,000 ಸಿಕ್ಕಿತು, ಅಂದರೆ ಸುಮಾರು 1.83%. 80,000ಕ್ಕೆ ಆ ದರ ಹಾಕಿದರೆ 1,467. ಟೀಮ್ ಬೋನಸ್ಸಿನ 10% ಸೇರಿಸಿದರೂ 1,613.

ಎರಡನೇ ದಾರಿ, ಅಕ್ಟೋಬರನ್ನು ಮುಟ್ಟುವುದೇ ಬೇಡ, ನವೆಂಬರ್ ಸೇಲ್‌ನಲ್ಲಿ 80,000 ಕಳೆದುಬಿಡುವುದು. ನವೆಂಬರ್‌ನಲ್ಲಿ ಅವನ ಸೇಲ್ 3,60,000. ಟೀಮ್ 90ರಿಂದ 100% ಒಳಗೆ ಇತ್ತು, ಹಾಗಾಗಿ ಬೋನಸ್ಸೂ ಇಲ್ಲ, ಕಡಿತವೂ ಇಲ್ಲ. 3,60,000ಕ್ಕೆ ಕಮಿಷನ್ 4,200. 80,000 ಕಳೆದು 2,80,000 ಆದರೆ 2,800. ಹೋದದ್ದು 1,400.

ಮೂರನೇ ದಾರಿ ಈ ಕಂಪನಿ ಮಾಡಿದ್ದು. ಅಕ್ಟೋಬರ್ ಶೀಟನ್ನು ಮತ್ತೆ ತೆರೆದು, ಆ 80,000 ಮಾರಾಟವೇ ಆಗಿರಲಿಲ್ಲ ಅಂತ ಲೆಕ್ಕ ಹಾಕುವುದು. 6,00,000 ಹೋಗಿ 5,20,000 ಆಗುತ್ತದೆ. 3,000, 4,000, ಮತ್ತೆ ಉಳಿದ 20,000ಕ್ಕೆ 800. ಒಟ್ಟು 7,800. ಇನ್ನೊಂದು ಕಡೆ ಟೀಮಿನ 20,40,000 ಹೋಗಿ 19,60,000 ಆಯಿತು, ಅಂದರೆ 98%. ಟಾರ್ಗೆಟ್ ತಪ್ಪಿತು, 10% ಬೋನಸ್ಸೂ ಹೋಯಿತು. ಸಿಗಬೇಕಾಗಿದ್ದು 7,800, ಕೊಟ್ಟಿದ್ದು 12,100. ವ್ಯತ್ಯಾಸ 4,300.

ಸ್ಲಿಪ್ಪಿನಲ್ಲಿದ್ದ ಅಂಕಿ ಇದೇ.

ಹುಡುಗನ ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಈಗ ಕಾಣುತ್ತದೆ. ವಾಪಸ್ ಬಂದ 80,000ವನ್ನು ಅವನು ರಾಶಿಯ ಎಲ್ಲ ಕಡೆಯಿಂದ ಸಮನಾಗಿ ತೆಗೆದ. ಆದರೆ ಭತ್ತದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದಾಗ ಒಂದು ಚೀಲ ಕಡಿಮೆಯಾದರೆ ರಾಶಿಯ ಎತ್ತರ ಇಳಿಯುವುದು ಮೇಲಿನಿಂದಲೇ. ಸ್ಲ್ಯಾಬ್‌ನಲ್ಲೂ ಹಾಗೆ. ಯಾವ ಬಿಲ್ ವಾಪಸ್ ಬಂದರೂ, ಅದು ತಿಂಗಳ ಮೊದಲ ದಿನದ್ದೇ ಆಗಿದ್ದರೂ, ಕಡಿಮೆಯಾಗುವುದು ಮೇಲಿನ 4% ಭಾಗ. 80,000ಕ್ಕೆ 4% ಅಂದರೆ 3,200. ಉಳಿದ 1,100 ಹೋದದ್ದು ಟೀಮ್ ಬೋನಸ್ಸಿನಲ್ಲಿ.

## ಹಳೆ ತಿಂಗಳ ಶೀಟ್ ಯಾಕೆ ತೆರೆಯುತ್ತಾರೆ

ನವೆಂಬರ್‌ನಲ್ಲಿ ಕಳೆದರೆ ಸುಲಭ ಅಲ್ವಾ ಅಂತ ಕೇಳಬಹುದು. ಸುಲಭ ನಿಜ. ಚಿಕ್ಕ ಡಿಸ್ಟ್ರಿಬ್ಯೂಟರ್‌ಗಳು ಹಾಗೆಯೇ ಮಾಡುತ್ತಾರೆ. ಆದರೆ ಅದರಲ್ಲಿ ಒಂದು ದೊಡ್ಡ ತೂತಿದೆ, ಸೇಲ್ಸ್‌ನಲ್ಲಿ ನಾಲ್ಕು ತಿಂಗಳು ಓಡಾಡಿದವರಿಗೆಲ್ಲ ಅದು ಗೊತ್ತು.

ತಿಂಗಳ 29, 30ನೇ ತಾರೀಕು. ಇನ್ನು ಸ್ವಲ್ಪ ಸೇಲ್ ಆದರೆ ಮೇಲಿನ ಸ್ಲ್ಯಾಬ್, ಟೀಮ್ ಟಾರ್ಗೆಟ್ಟೂ ಆಗುತ್ತದೆ. ಪರಿಚಯದ ಅಂಗಡಿಯವರಿಗೆ ಹೇಳುವುದು: "ಸಾರ್, ಬಿಲ್ ಹಾಕ್ತೀನಿ, ಮಾಲು ಇಟ್ಕೊಳಿ. ಹೋಗಲಿಲ್ಲ ಅಂದ್ರೆ ಮುಂದಿನ ತಿಂಗಳು ವಾಪಸ್ ತಗೋತೀನಿ." ಅಂಗಡಿಯವರಿಗೆ ನಷ್ಟವಿಲ್ಲ, ಒಪ್ಪುತ್ತಾರೆ.

ನಮ್ಮ ಅಂಕಿಯಲ್ಲೇ ನೋಡಿ. ಆ 80,000ದ ಬಿಲ್ ಇಲ್ಲದಿದ್ದರೆ ಹುಡುಗನಿಗೆ ಅಕ್ಟೋಬರ್‌ಗೆ 7,800. ಇದ್ದದ್ದರಿಂದ 12,100. ಅಂದರೆ 4,300 ಜಾಸ್ತಿ. ನವೆಂಬರ್‌ನಲ್ಲಿ ಕಳೆದರೆ ಹೋಗುವುದು 1,400. ನಿಲ್ಲದ ಮಾರಾಟಕ್ಕೆ 2,900 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಕಂಪನಿಗೆ ಲಾರಿ ಬಾಡಿಗೆ ಎರಡು ಸಲ, ಬಿಚ್ಚಿದ ಡಬ್ಬ, ಕೆರೆದ ಮಾಲು. ಚೆನ್ನಾಗಿ ಮಾರಿದ ತಿಂಗಳ ದರದಲ್ಲಿ ತೆಗೆದುಕೊಂಡು, ಡಲ್ ತಿಂಗಳ ದರದಲ್ಲಿ ವಾಪಸ್ ಕೊಡುವ ದಾರಿ ಇದು. ಇದನ್ನು ಮುಚ್ಚಬೇಕಾದರೆ ಯಾವ ತಿಂಗಳು ಕೊಟ್ಟಿದ್ದರೋ ಆ ತಿಂಗಳ ಲೆಕ್ಕದಲ್ಲೇ ವಾಪಸ್ ಪಡೆಯಬೇಕು. ಈ ವಿಷಯದಲ್ಲಿ ಕಂಪನಿಯ ಪದ್ಧತಿ ಸರಿ ಅಂತಲೇ ನನಗೆ ಅನ್ನಿಸುತ್ತದೆ.

ಆದರೆ ತೆರೆಯಲು ಒಂದು ಗಡುವು ಬೇಕು. 60 ದಿನವೋ, 90 ದಿನವೋ, ಬಿಲ್ಲಿನ ತಾರೀಕಿನಿಂದ ಎಣಿಸಿ ಅದರ ಒಳಗೆ ಬಂದ ರಿಟರ್ನ್‌ಗೆ ಮಾತ್ರ ರಿಕವರಿ ಅಂತ ಬರೆದಿರಬೇಕು. ಗಡುವೇ ಇಲ್ಲದಿದ್ದರೆ ಹೋದ ವರ್ಷದ ಮಾಲು ಈ ವರ್ಷ ವಾಪಸ್ ಬಂದು ನಿಮ್ಮ ತಲೆ ಮೇಲೆ ಬೀಳಬಹುದು.

## ಅವನ ರಿಟರ್ನ್‌ಗೆ ನಮ್ಮ ಬೋನಸ್ ಯಾಕೆ ಹೋಗಬೇಕು?

ಇದು ಉಳಿದ ಮೂವರ ಪ್ರಶ್ನೆ. ಅವರ ಮಾಲು ಒಂದೂ ವಾಪಸ್ ಬಂದಿಲ್ಲ. ಅಕ್ಟೋಬರ್‌ನಲ್ಲಿ ಅವರ ಕಮಿಷನ್ 8,600, 6,600 ಮತ್ತು 5,400. ಟೀಮ್ 98%ಗೆ ಇಳಿದದ್ದರಿಂದ ಅವರಿಗೆ ಕೊಟ್ಟಿದ್ದ 860, 660, 540 ರೂಪಾಯಿ ಬೋನಸ್ಸೂ ರಿಕವರಿಗೆ ಬಂತು. ಒಟ್ಟು 2,060.

ದೊಡ್ಡ ಮೊತ್ತವಲ್ಲ. ಆದರೆ ನಾನು ನೋಡಿದ ಜಗಳಗಳಲ್ಲಿ ಅತಿ ಕೆಟ್ಟವು ಇಂಥ ಐನೂರು, ಆರುನೂರರ ಮೇಲೆಯೇ ಆದವು. ತನ್ನದೇ ಆರ್ಡರ್ ವಾಪಸ್ ಬಂದು ನಾಲ್ಕು ಸಾವಿರ ಹೋದರೆ ಮನುಷ್ಯ ಗೊಣಗಿ ಸುಮ್ಮನಾಗುತ್ತಾನೆ. ಪಕ್ಕದ ಟೇಬಲ್ಲಿನವನ ಆರ್ಡರ್‌ಗೆ ತನ್ನ 540 ಹೋದರೆ ಆರು ತಿಂಗಳಾದರೂ ಮರೆಯುವುದಿಲ್ಲ.

ಇದಕ್ಕೆ ಇರುವ ಒಂದು ದಾರಿ, ಟೀಮ್ ಅಂಕಿಯನ್ನು ಲಾಕ್ ಮಾಡುವುದು. ತಿಂಗಳು ಮುಗಿದು ಹತ್ತೋ ಹದಿನೈದೋ ದಿನಕ್ಕೆ ಟೀಮಿನ ಪರ್ಸೆಂಟ್ ಪಕ್ಕಾ ಆಗುತ್ತದೆ. ಆಮೇಲೆ ಬಂದ ರಿಟರ್ನ್ ಆ ವ್ಯಕ್ತಿಯ ಲೆಕ್ಕವನ್ನು ಮಾತ್ರ ಬದಲಿಸುತ್ತದೆ. ಹಾಗೆ ಮಾಡಿದ್ದರೆ ನಮ್ಮ ಹುಡುಗನಿಗೆ 7,800ರ ಮೇಲೆ 10% ಉಳಿದು 8,580 ಆಗುತ್ತಿತ್ತು, ರಿಕವರಿ 3,520. ಉಳಿದ ಮೂವರಿಗೆ ಏನೂ ಇಲ್ಲ. ಇದರಲ್ಲಿ ಕಂಪನಿಗೆ ಸ್ವಲ್ಪ ನಷ್ಟವಿದೆ, ಮುಟ್ಟದ ಟಾರ್ಗೆಟ್‌ಗೆ ಬೋನಸ್ ಕೊಟ್ಟಂತಾಗುತ್ತದೆ. ಎರಡರಲ್ಲಿ ಯಾವುದು ಅಂತ ಪಾಲಿಸಿಯಲ್ಲಿ ಮೊದಲೇ ಇರಬೇಕು. ರಿಟರ್ನ್ ಬಂದ ಮೇಲೆ ತೀರ್ಮಾನಿಸಲು ಕೂತರೆ ಯಾವ ತೀರ್ಮಾನವೂ ನ್ಯಾಯ ಅನ್ನಿಸುವುದಿಲ್ಲ.

## ಲೆಕ್ಕ ಮೈನಸ್‌ಗೆ ಹೋದರೆ

ನವೆಂಬರ್ ಕಮಿಷನ್ 4,200. ರಿಕವರಿ 4,300. ಉಳಿದದ್ದು ಮೈನಸ್ 100.

ಈ 100 ಎಲ್ಲಿಂದ ಕಟ್ಟಾಗಬೇಕು? ಸರಿಯಾದ ಪದ್ಧತಿಯಲ್ಲಿ ಅದು ಮುಂದಿನ ತಿಂಗಳ ಕಮಿಷನ್‌ಗೆ ಹೋಗುತ್ತದೆ, ಅಂಗಡಿಯವರ ಖಾತೆ ಪುಸ್ತಕದ ಹಳೆ ಬಾಕಿಯ ಥರ. ಫಿಕ್ಸೆಡ್ ಸಂಬಳಕ್ಕೆ ಕೈ ಹಾಕುವುದು ಬೇರೆ ವಿಷಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಸಂಬಳದಿಂದ ಯಾವ ಯಾವ ಕಾರಣಕ್ಕೆ ಕಡಿತ ಮಾಡಬಹುದು ಅಂತ ಪಟ್ಟಿಯೇ ಇದೆ, ಮತ್ತೆ ಒಂದು ವೇತನ ಅವಧಿಯಲ್ಲಿ ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟುವಂತಿಲ್ಲ. ನಿಮ್ಮ ಸ್ಲಿಪ್ಪಿನಲ್ಲಿ ರಿಕವರಿ ಕಮಿಷನ್ ಸಾಲಿನಲ್ಲಿದೆಯೋ, ಬೇಸಿಕ್‌ನಿಂದ ಕಳೆದಿದ್ದಾರೋ ನೋಡಿಕೊಳ್ಳಿ.

ಮೈನಸ್ ಬರಬಾರದು ಅಂತ ಕೆಲವು ಕಡೆ ಮೊದಲೇ ಸ್ವಲ್ಪ ತಡೆಹಿಡಿಯುತ್ತಾರೆ. 12,100ರಲ್ಲಿ 10%, ಅಂದರೆ 1,210 ಇಟ್ಟುಕೊಂಡು ಉಳಿದದ್ದು ಕೊಡುತ್ತಾರೆ. ರಿಟರ್ನ್ ಗಡುವು ಮುಗಿದ ಮೇಲೆ ಅದು ಬಿಡುಗಡೆ. ಕೆಲಸ ಬಿಡುವವರಿಗೆ ಇದು ಮುಖ್ಯ: ಫೈನಲ್ ಸೆಟಲ್‌ಮೆಂಟ್ ಆಗುವಾಗ ಹೀಗೆ ತಡೆಹಿಡಿದ ದುಡ್ಡು ಎಷ್ಟಿದೆ, ಯಾವಾಗ ಬರುತ್ತದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಟ್ಯಾಕ್ಸ್ ಬಗ್ಗೆ ಒಂದೇ ಮಾತು. ನವೆಂಬರ್‌ನಲ್ಲಿ ಕೈಗೆ ಬಂದು ಡಿಸೆಂಬರ್‌ನಲ್ಲಿ ಹೋದರೆ ಎರಡೂ ಒಂದೇ ಹಣಕಾಸು ವರ್ಷ, ಟಿಡಿಎಸ್ ತಾನಾಗಿ ಸರಿಹೋಗುತ್ತದೆ. ಫೆಬ್ರವರಿ ಕಮಿಷನ್ ಮಾರ್ಚ್‌ನಲ್ಲಿ ಕೈಗೆ ಬಂದು, ಮಾಲು ಏಪ್ರಿಲ್‌ನಲ್ಲಿ ವಾಪಸ್ ಬಂದರೆ ತೊಂದರೆ. ಟ್ಯಾಕ್ಸ್ ಹಳೆ ವರ್ಷದಲ್ಲಿ ಕಟ್ಟಾಗಿರುತ್ತದೆ, ರಿಕವರಿ ಹೊಸ ವರ್ಷದಲ್ಲಿ ಬರುತ್ತದೆ. ಮೊತ್ತ ದೊಡ್ಡದಿದ್ದರೆ ಆಡಿಟರ್ ಹತ್ತಿರ ಕೇಳಿ.

## ರಿಟರ್ನ್ ಅಲ್ಲದ ರಿಟರ್ನ್

ಈಗ ಕಂಪನಿಯ ತಪ್ಪಿಗೆ ಬರೋಣ. ಶೀಟ್ ಮಾಡುವವರ ಕಣ್ಣು ತಪ್ಪಿಸಿ ಹೋಗುವ ತಪ್ಪು ಇದು, ನಾನೂ ಮಾಡಿದ್ದೇನೆ.

ಮಾಲು ವಾಪಸ್ ಬರಲು ಕಾರಣ ಬೇರೆ ಬೇರೆ. ಅಂಗಡಿಯಲ್ಲಿ ಹೋಗಲಿಲ್ಲ ಅಂತ ಬರಬಹುದು. ಜಾರ್ ಸೋರುತ್ತದೆ, ಮೋಟರ್ ಸದ್ದು ಮಾಡುತ್ತದೆ ಅಂತ ಬರಬಹುದು. ಗೋಡೌನ್ ಹುಡುಗ 750 ವ್ಯಾಟಿನ ಬದಲು 500 ವ್ಯಾಟಿನದು ಕಳಿಸಿರಬಹುದು. ಎರಡನೆಯದು, ಮೂರನೆಯದು ಸೇಲ್ಸ್‌ನವನ ತಪ್ಪಲ್ಲ. ಅಂಥ ಕಡೆ ಸಾಮಾನ್ಯವಾಗಿ ಬದಲಿ ಪೀಸ್ ಕೊಡುತ್ತಾರೆ. ಅಂಗಡಿಯವರು ಮಾಲು ಬೇಡ ಅಂದಿಲ್ಲ, ಸರಿಯಾದದ್ದು ಕೊಡಿ ಅಂದಿದ್ದಾರೆ. ಮಾರಾಟ ನಿಂತೇ ಇದೆ.

ಆದರೆ ಅಕೌಂಟ್ಸ್‌ನಲ್ಲಿ ಕೆಲವರು ಬದಲಿ ಪೀಸನ್ನು ಬರೀ ಚಲನ್ ಮೇಲೆ ಕಳಿಸುತ್ತಾರೆ, ಕೆಲವರು ಹಳೆಯದಕ್ಕೆ ಕ್ರೆಡಿಟ್ ನೋಟ್ ಹಾಕಿ ಹೊಸದಕ್ಕೆ ಹೊಸ ಬಿಲ್ ಮಾಡುತ್ತಾರೆ. ಎರಡನೇ ರೀತಿ ಮಾಡಿದರೆ ಇನ್ಸೆಂಟಿವ್ ಶೀಟಿಗೆ ಅದು ಒಂದು ರಿಟರ್ನ್ ಮತ್ತು ಒಂದು ಹೊಸ ಸೇಲ್ ಆಗಿ ಕಾಣುತ್ತದೆ. ರಿಟರ್ನ್ ಅಕ್ಟೋಬರಿನ 4% ದರದಲ್ಲಿ ಕಟ್ಟಾಗುತ್ತದೆ. ಹೊಸ ಬಿಲ್ ನವೆಂಬರಿನ 2% ದರದಲ್ಲಿ ಸೇರುತ್ತದೆ. ಅದೇ ಅಂಗಡಿ, ಅದೇ ಮಿಕ್ಸಿ, ಅರ್ಧ ಕಮಿಷನ್.

ಕಂಡುಹಿಡಿಯುವುದು ಕಷ್ಟವಲ್ಲ. ಆಫೀಸಿನಿಂದ ನಿಮ್ಮ ಹೆಸರಿನ ಕ್ರೆಡಿಟ್ ನೋಟ್ ಪಟ್ಟಿ ಮತ್ತು ಆ ತಿಂಗಳ ಬಿಲ್ ಪಟ್ಟಿ ಎರಡನ್ನೂ ಕೇಳಿ ತೆಗೆದುಕೊಳ್ಳಿ. ಕ್ರೆಡಿಟ್ ನೋಟ್ ಆದ ಒಂದು ವಾರದ ಒಳಗೆ ಅದೇ ಅಂಗಡಿಗೆ ಅದೇ ಮಾಡೆಲ್, ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಪೀಸ್ ಬಿಲ್ಲಾಗಿದ್ದರೆ ಅದು ಬದಲಿ ಮಾಲು.

ನಮ್ಮ ಹುಡುಗನಿಗೆ ಅದನ್ನೇ ಹೇಳಿದೆ. ಅವನು ಪಟ್ಟಿ ತರಿಸಿದ. ನವೆಂಬರ್ 18ರ ಕ್ರೆಡಿಟ್ ನೋಟ್‌ನಲ್ಲಿ 32 ಮಿಕ್ಸಿ. ನವೆಂಬರ್ 21ಕ್ಕೆ ಅದೇ ಅಂಗಡಿಗೆ 17 ಮಿಕ್ಸಿಯ ಹೊಸ ಬಿಲ್, ಅದೇ ಮಾಡೆಲ್. ಜಾರ್ ಸೋರುತ್ತಿದ್ದವು ಆ 17. ನಿಜವಾಗಿ ಬೇಡ ಅಂತ ಬಂದದ್ದು 15 ಮಾತ್ರ, ಅಂದರೆ 37,500 ರೂಪಾಯಿ ಮಾಲು.

ಲೆಕ್ಕ ಮತ್ತೆ ಹಾಕಿದೆವು. ಅಕ್ಟೋಬರ್ ಸೇಲ್ 6,00,000ದಿಂದ 5,62,500ಕ್ಕೆ ಇಳಿಯುತ್ತದೆ. ಕಮಿಷನ್ 9,500. ಟೀಮ್ 20,02,500, ಟಾರ್ಗೆಟ್‌ಗಿಂತ ಎರಡೂವರೆ ಸಾವಿರ ಮೇಲೆಯೇ ಇದೆ. ಹಾಗಾಗಿ 10% ಬೋನಸ್ ಉಳಿಯಿತು, 10,450. ಕೊಟ್ಟಿದ್ದು 12,100. ರಿಕವರಿ 4,300 ಅಲ್ಲ, 1,650.

ಇನ್ನೊಂದು ಕಡೆ ಆ 17 ಮಿಕ್ಸಿಯ 42,500 ರೂಪಾಯಿ ನವೆಂಬರ್ ಸೇಲ್‌ನಲ್ಲಿ ಎಣಿಕೆಯಾಗಿತ್ತು. ಅದನ್ನೂ ತೆಗೆಯಬೇಕು, ಒಂದೇ ಮಾಲನ್ನು ಎರಡು ತಿಂಗಳಲ್ಲಿ ಎಣಿಸುವುದು ನ್ಯಾಯವಲ್ಲ. ನವೆಂಬರ್ 3,17,500 ಆಯಿತು, ಕಮಿಷನ್ 3,350. ಅದರಲ್ಲಿ 1,650 ಕಳೆದರೆ ಕೈಗೆ 1,700. ಸ್ಲಿಪ್ಪಿನಲ್ಲಿ ಮೈನಸ್ 100 ಇತ್ತು.

ಅವನು ಎರಡು ಪಟ್ಟಿಯನ್ನೂ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದು ಅಕೌಂಟ್ಸ್‌ನವರಿಗೆ ಕೊಟ್ಟ. ಮುಂದಿನ ಸಂಬಳದಲ್ಲಿ ಅವನಿಗೆ ಬರಬೇಕಾದ 1,800 ಬಂತು. ಉಳಿದ ಮೂವರ 860, 660, 540 ಕೂಡ ಅದೇ ದಿನ ವಾಪಸ್ ಬಂದವು.